ಸಿಮ್ ಕಳೆದರೆ ಏಳು ದಿನ ಕಾಯಬೇಕಾ? ಓಟಿಪಿ ಯಾವಾಗ ಬರುತ್ತೆ ಅನ್ನೋದರ ಲೆಕ್ಕ

2024ರ ಜುಲೈ 1ರ ಹೊತ್ತಿಗೆ ಒಂದು ಸುದ್ದಿ ಎಲ್ಲ ಕಡೆ ಓಡಾಡಿತು. ಸಿಮ್ ಕಳೆದರೆ ಇನ್ನು ಮೇಲೆ ಏಳು ದಿನ ಹೊಸ ಸಿಮ್ ಸಿಗುವುದಿಲ್ಲ, ಕಾಯಲೇಬೇಕು ಅಂತ. ಆ ಮೆಸೇಜ್ ಈಗಲೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ತಲೆ ಎತ್ತುತ್ತದೆ. ಅದನ್ನು ನಂಬಿ ಸ್ಟೋರಿಗೆ ಹೋಗದೆ ಸುಮ್ನೆ ಕೂತವರಿಗೆ ನಷ್ಟ ಆಗಿದೆ. ಯಾಕೆಂದರೆ ಕಾಯುವ ಪ್ರತಿ ದಿನವೂ ಹಳೆಯ ಸಿಮ್ ಇನ್ನೊಬ್ಬರ ಕೈಯಲ್ಲಿ ಜೀವಂತವಾಗಿರಬಹುದು.

ಸುದ್ದಿ ಪೂರ್ತಿ ಸುಳ್ಳಲ್ಲ. ಏಳು ದಿನದ ನಿಯಮ ಒಂದಿದೆ, ಆದರೆ ಅದು ಬೇರೆ ವಿಷಯದ್ದು. 24 ಗಂಟೆಯ ಇನ್ನೊಂದು ನಿಯಮವೂ ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಸಿಮ್ ಕಳೆದವರಿಗೆ ನಿಜವಾಗಿ ತಾಗುವುದು ಅದೇ. ಇವೆರಡೂ ಕಲೆಸಿಹೋಗಿವೆ. ಒಂದೊಂದಾಗಿ ಬಿಡಿಸೋಣ.

## ನಂಬರ್ ಸಿಮ್ ಒಳಗೆ ಇರುವುದಿಲ್ಲ

ಸಿಮ್ ಹೋದರೆ ನಂಬರ್ ಹೋಯಿತು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ನಿಮ್ಮ ಹತ್ತು ಅಂಕಿಯ ನಂಬರ್ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ಸಿಮ್ ಕಾರ್ಡಿನಲ್ಲಿ ಇರುವುದು ಐಎಂಎಸ್‌ಐ ಅನ್ನುವ ಬೇರೊಂದು ಗುರುತಿನ ಸಂಖ್ಯೆ ಮತ್ತು ಹೊರಗೆ ಯಾರಿಗೂ ಕಾಣದ ಒಂದು ರಹಸ್ಯ ಕೀಲಿ. "ಈ ಫೋನ್ ನಂಬರಿಗೆ ಬಂದ ಕರೆ, ಮೆಸೇಜ್ ಎಲ್ಲವೂ ಈ ಐಎಂಎಸ್‌ಐ ಇರುವ ಸಿಮ್‌ಗೆ ಹೋಗಲಿ" ಅಂತ ಕಂಪನಿ ತನ್ನ ಪಟ್ಟಿಯಲ್ಲಿ ಬರೆದುಕೊಂಡಿರುತ್ತದೆ.

ಡೂಪ್ಲಿಕೇಟ್ ಸಿಮ್ ಕೊಡುವುದು ಅಂದರೆ ಆ ಪಟ್ಟಿಯಲ್ಲಿ ಒಂದು ಸಾಲು ಬದಲಿಸುವುದು, ಅಷ್ಟೇ. ಹೊಸ ಕಾರ್ಡಿನ ಐಎಂಎಸ್‌ಐ ಬೇರೆ, ಕೀಲಿಯೂ ಬೇರೆ. ಸಾಲು ಬದಲಾದ ಕೂಡಲೇ ಹಳೆಯ ಕಾರ್ಡ್ ಸತ್ತುಹೋಗುತ್ತದೆ. ಒಂದು ನಂಬರಿಗೆ ಎರಡು ಸಿಮ್ ಒಟ್ಟಿಗೆ ನಡೆಯುವುದಿಲ್ಲ.

ಅನುಕೂಲ ಇರುವುದೂ ಇಲ್ಲೇ, ಅಪಾಯ ಇರುವುದೂ ಇಲ್ಲೇ. ಕಳೆದುಕೊಂಡವರಿಗೆ ನಂಬರ್ ವಾಪಸ್ ಸಿಗುವುದು ಈ ಒಂದು ಸಾಲಿನಿಂದ. ಬೇರೆ ಯಾರಾದರೂ "ನಾನೇ ಆ ನಂಬರಿನವನು, ಸಿಮ್ ಕಳೆದಿದೆ" ಅಂತ ಸುಳ್ಳು ದಾಖಲೆ ಕೊಟ್ಟು ಆ ಸಾಲು ಬದಲಿಸಿಕೊಂಡರೆ, ನಿಮ್ಮ ಜೇಬಿನಲ್ಲಿರುವ ಸಿಮ್ ಸಾಯುತ್ತದೆ, ಬ್ಯಾಂಕಿನ ಓಟಿಪಿ ಅವನ ಕೈ ಸೇರುತ್ತದೆ. ಸಿಮ್ ಸ್ವಾಪ್ ವಂಚನೆ ಅನ್ನುವುದು ಇದನ್ನೇ.

## 24 ಗಂಟೆ ಮೆಸೇಜ್ ಯಾಕೆ ಬರುವುದಿಲ್ಲ

2022ರ ಕೊನೆಯಲ್ಲಿ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಒಂದು ಸೂಚನೆ ಕೊಟ್ಟಿತು. ಸಿಮ್ ಬದಲಾದ ಮೇಲೆ ಹೊಸ ಸಿಮ್ ಚಾಲೂ ಆದ ಹೊತ್ತಿನಿಂದ 24 ಗಂಟೆ ಎಸ್‌ಎಂಎಸ್ ಬಂದ್ ಇರಬೇಕು. ಬರುವ ಮೆಸೇಜೂ ಬಂದ್, ಹೋಗುವ ಮೆಸೇಜೂ ಬಂದ್. ಕರೆ ಮತ್ತು ಇಂಟರ್ನೆಟ್ ನಡೆಯುತ್ತವೆ.

ಕಾರಣ ಸರಳ. ವಂಚಕನೊಬ್ಬ ನಿಮ್ಮ ಹೆಸರಿನಲ್ಲಿ ಸಿಮ್ ತೆಗೆದ ಅಂತಿಟ್ಟುಕೊಳ್ಳಿ. ಆ ಕ್ಷಣದಿಂದ ನಿಮ್ಮ ಫೋನಿನಲ್ಲಿ ನೆಟ್‌ವರ್ಕ್ ಹೋಗುತ್ತದೆ. ಮೊದಲಿಗೆ ಟವರ್ ಸಮಸ್ಯೆ ಇರಬಹುದು ಅಂದುಕೊಳ್ಳುತ್ತೀರಿ. ಒಂದೆರಡು ಗಂಟೆ ಕಳೆಯುತ್ತದೆ. ಪಕ್ಕದಲ್ಲಿ ಅದೇ ಕಂಪನಿಯ ಸಿಮ್ ಇರುವವರಿಗೆ ನೆಟ್‌ವರ್ಕ್ ಇದೆ ಅಂತ ಗೊತ್ತಾದಾಗ ಅನುಮಾನ ಬರುತ್ತದೆ. ಆಗ ಬೇರೆ ಫೋನಿನಿಂದ ಕಸ್ಟಮರ್ ಕೇರ್‌ಗೆ ಕರೆ ಮಾಡುತ್ತೀರಿ. ಇಷ್ಟಾಗುವ ಹೊತ್ತಿಗೆ ಓಟಿಪಿ ಅವನಿಗೆ ಹೋಗಿದ್ದರೆ ಖಾತೆ ಖಾಲಿ. ಓಟಿಪಿ 24 ಗಂಟೆ ಯಾರಿಗೂ ಹೋಗದಿದ್ದರೆ ನಿಮಗೆ ಎಚ್ಚೆತ್ತುಕೊಳ್ಳಲು ಒಂದು ಹಗಲು, ಒಂದು ರಾತ್ರಿ ಸಿಕ್ಕಿತು.

ಅಂದರೆ ಈ ತಡೆ ಸರ್ವರಿನ ನಿಧಾನದಿಂದ ಆಗಿದ್ದಲ್ಲ. ಬೇಕಂತಲೇ ಇಟ್ಟಿದ್ದು. ಸ್ಟೋರಿನ ಮ್ಯಾನೇಜರ್ ಹತ್ತಿರ ಜಗಳ ಆಡಿದರೂ, ಫೋನ್ ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಮೆಸೇಜ್ ಬೇಗ ಬರುವುದಿಲ್ಲ. ಒಂದು ಮಾತು ನೆನಪಿರಲಿ: ಲೆಕ್ಕ ಶುರುವಾಗುವುದು ನೀವು ಅರ್ಜಿ ಕೊಟ್ಟಾಗ ಅಲ್ಲ, ಸಿಮ್ ಚಾಲೂ ಆದಾಗ. ಬೆಳಿಗ್ಗೆ 11ಕ್ಕೆ ಅರ್ಜಿ ಕೊಟ್ಟು ಸಂಜೆ 5ಕ್ಕೆ ನೆಟ್‌ವರ್ಕ್ ಬಂದರೆ, ಮೆಸೇಜ್ ಮರುದಿನ ಸಂಜೆ 5ಕ್ಕೆ.

## ಏಳು ದಿನ ಯಾವುದಕ್ಕೆ

ಈಗ ಗೊಂದಲ ಹುಟ್ಟಿಸಿದ ನಿಯಮಕ್ಕೆ ಬರೋಣ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2024ರ ಮಾರ್ಚ್ 14ರಂದು ನಂಬರ್ ಪೋರ್ಟಬಿಲಿಟಿ ನಿಯಮಗಳಿಗೆ ಒಂಬತ್ತನೇ ತಿದ್ದುಪಡಿ ತಂದಿತು. ಅದು ಜಾರಿಗೆ ಬಂದಿದ್ದು ಜುಲೈ 1ರಿಂದ. ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಹೋಗಬೇಕಾದರೆ PORT ಅಂತ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸುತ್ತೇವೆ. ಆಗ ಯುಪಿಸಿ ಅನ್ನುವ ಕೋಡ್ ಬರುತ್ತದೆ. ಸಿಮ್ ಬದಲಿಸಿ ಏಳು ದಿನ ಆಗಿಲ್ಲದಿದ್ದರೆ ಆ ಕೋಡ್ ಕೊಡಬಾರದು ಅನ್ನುವುದು ತಿದ್ದುಪಡಿ.

ಇದರಲ್ಲಿ ಹೊಸ ಸಿಮ್ ಕೊಡಬಾರದು ಅಂತ ಎಲ್ಲೂ ಇಲ್ಲ. ಅದೇ ಕಂಪನಿಯಲ್ಲಿ ಡೂಪ್ಲಿಕೇಟ್ ಸಿಮ್ ಅದೇ ದಿನ ಸಿಗಬಹುದು. ಕಂಪನಿ ಬದಲಿಸುವುದಕ್ಕೆ ಮಾತ್ರ ತಡೆ. ವಂಚಕರು ಮೊದಲು ಸಿಮ್ ಬದಲಿಸಿಕೊಂಡು, ಕೂಡಲೇ ನಂಬರನ್ನು ಬೇರೆ ಕಂಪನಿಗೆ ಸಾಗಿಸಿಬಿಟ್ಟರೆ, ನಿಜವಾದ ಮಾಲೀಕ ಹಳೆಯ ಕಂಪನಿಗೆ ದೂರು ಕೊಡುವಾಗ "ಆ ನಂಬರ್ ಈಗ ನಮ್ಮಲ್ಲಿ ಇಲ್ಲ" ಅನ್ನುವ ಉತ್ತರ ಬರುತ್ತದೆ. ಆ ದಾರಿ ಮುಚ್ಚುವುದಕ್ಕೆ ಏಳು ದಿನ. "ಸಿಮ್ ಬದಲಿಸಿದರೆ ಏಳು ದಿನ" ಅನ್ನುವ ಅರ್ಧ ವಾಕ್ಯ ಮಾತ್ರ ಜನರ ಕಿವಿಗೆ ಬಿತ್ತು. ಉಳಿದರ್ಧ ಬಿಟ್ಟುಹೋಯಿತು.

## ದಾವಣಗೆರೆಯ ಒಂದು ಲೆಕ್ಕ

ಒಂದು ಉದಾಹರಣೆ ಇಟ್ಟುಕೊಂಡರೆ ಇದೆಲ್ಲ ಹೇಗೆ ಒಂದರ ಮೇಲೊಂದು ಬೀಳುತ್ತದೆ ಅಂತ ಕಾಣುತ್ತದೆ. ಇದು ಕಲ್ಪಿತ ಉದಾಹರಣೆ, ಆದರೆ ಇದರಲ್ಲಿ ಆಗುವುದೆಲ್ಲ ಯಾರಿಗೆ ಬೇಕಾದರೂ ಆಗುವಂಥದ್ದು.

ದಾವಣಗೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಮಾರುವ ಸಣ್ಣ ಅಂಗಡಿ. ನಡೆಸುವಾಕೆ ಶನಿವಾರ ಸಂಜೆ ಆರೂವರೆಗೆ ಹರಿಹರದಿಂದ ಬಸ್ಸಿನಲ್ಲಿ ಬಂದು ಇಳಿದು ನೋಡಿದರೆ ಚೀಲದಲ್ಲಿ ಫೋನ್ ಇಲ್ಲ. ಸೋಮವಾರ ಬೆಳಿಗ್ಗೆ ಮಂಡಕ್ಕಿ ಭಟ್ಟಿಯವರಿಗೆ 12,000 ರೂಪಾಯಿ ಕಳಿಸಬೇಕು. ಕಳಿಸುತ್ತಿದ್ದಿದ್ದು ಯುಪಿಐನಲ್ಲಿ.

ಏಳು ಗಂಟೆಗೆ ಮಗಳ ಫೋನಿನಿಂದ ಕಸ್ಟಮರ್ ಕೇರ್‌ಗೆ ಕರೆ ಮಾಡಿ ಸಿಮ್ ಬ್ಲಾಕ್ ಮಾಡಿಸುತ್ತಾಳೆ. ಇದು ಸರಿಯಾದ ಮೊದಲ ಹೆಜ್ಜೆ. ಬ್ಲಾಕ್ ಮಾಡುವುದೇ ಬೇರೆ, ಹೊಸ ಸಿಮ್ ಪಡೆಯುವುದೇ ಬೇರೆ. ಬ್ಲಾಕ್‌ಗೆ ಸ್ಟೋರಿಗೆ ಹೋಗಬೇಕಿಲ್ಲ. ಫೋನಿಗೆ ಎಂಥ ಲಾಕ್ ಹಾಕಿದ್ದರೂ ಕದ್ದವನು ಸಿಮ್ ಹೊರಗೆ ತೆಗೆದು ಬೇರೆ ಫೋನಿಗೆ ಹಾಕಿದರೆ ಓಟಿಪಿ ಅಲ್ಲಿಗೆ ಬರುತ್ತದೆ. ಸಿಮ್‌ಗೇ ಪಿನ್ ಹಾಕಿದ್ದರೆ ಮಾತ್ರ ಇದು ನಡೆಯುವುದಿಲ್ಲ: ಮೂರು ಸಲ ತಪ್ಪು ಪಿನ್ ಒತ್ತಿದರೆ ಸಿಮ್ ಲಾಕ್ ಆಗಿ ಪಿಯುಕೆ ಅನ್ನುವ ಎಂಟು ಅಂಕಿಯ ಕೋಡ್ ಕೇಳುತ್ತದೆ. ನಮ್ಮಲ್ಲಿ ಸಿಮ್ ಪಿನ್ ಹಾಕುವವರು ತೀರ ಕಡಿಮೆ.

ಭಾನುವಾರ ಬೆಳಿಗ್ಗೆ 11ಕ್ಕೆ ಆಧಾರ್ ಹಿಡಿದು ಸ್ಟೋರಿಗೆ ಹೋಗುತ್ತಾಳೆ. ಕೌಂಟರಿನ ಹುಡುಗ ನಂಬರ್ ಹಾಕಿ ನೋಡಿ, "ಅಕ್ಕ, ಇದು ನಿಮ್ಮ ಹೆಸರಲ್ಲಿ ಇಲ್ಲ" ಅನ್ನುತ್ತಾನೆ. ಹತ್ತು ವರ್ಷದ ಹಿಂದೆ ಗಂಡ ತನ್ನ ದಾಖಲೆ ಕೊಟ್ಟು ತಂದ ಸಿಮ್ ಅದು. ಗಂಡ ಲಾರಿ ಲೋಡಿನ ಜೊತೆ ಹುಬ್ಬಳ್ಳಿಗೆ ಹೋಗಿದ್ದಾನೆ. ಅವನು ಬಂದು ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಸಂಜೆ ನಾಲ್ಕು. ಐದಕ್ಕೆ ಸಿಮ್ ಚಾಲೂ.

ಈಗ ಲೆಕ್ಕ ಹಾಕಿ. ಭಾನುವಾರ ಸಂಜೆ 5ರಿಂದ ಕರೆ ನಡೆಯುತ್ತದೆ. ಮೆಸೇಜ್ ಬರುವುದು ಸೋಮವಾರ ಸಂಜೆ 5ಕ್ಕೆ. ಸೋಮವಾರ ಬೆಳಿಗ್ಗೆ ಭಟ್ಟಿಯವರಿಗೆ ಯುಪಿಐ ಆಗುವುದಿಲ್ಲ. ಸಂಜೆ ಮೆಸೇಜ್ ಬಂದ ಮೇಲೆ ಹೊಸ ಫೋನಿನಲ್ಲಿ ಯುಪಿಐ ಹಾಕಿಕೊಂಡರೂ, ಸಿಮ್ ಅಥವಾ ಫೋನ್ ಬದಲಾದಾಗ ಮೊದಲ 24 ಗಂಟೆ ಕಳಿಸುವ ಹಣಕ್ಕೆ ಸಣ್ಣ ಮಿತಿ ಇರುತ್ತದೆ. ಸಾಮಾನ್ಯವಾಗಿ 5,000 ರೂಪಾಯಿ. ಹಾಗಾಗಿ 12,000 ಒಟ್ಟಿಗೆ ಹೋಗುವುದು ಮಂಗಳವಾರ ಸಂಜೆಯ ನಂತರ. ಕಂಪನಿ ಬದಲಿಸುವ ಮನಸ್ಸಾದರೆ ಮುಂದಿನ ಭಾನುವಾರದ ತನಕ ಕೋಡ್ ಸಿಗುವುದಿಲ್ಲ. ಮೂರು ತಡೆ, ಮೂರಕ್ಕೂ ಬೇರೆ ಬೇರೆ ಅವಧಿ, ಇಟ್ಟವರೂ ಬೇರೆ ಬೇರೆ.

ಒಂದು ಸಮಾಧಾನ ಇದೆ. ಅಂಗಡಿಯ ಗೋಡೆಯ ಕ್ಯೂಆರ್ ಕೋಡ್ ಅಷ್ಟೂ ದಿನ ಕೆಲಸ ಮಾಡುತ್ತಲೇ ಇರುತ್ತದೆ. ಅದು ಖಾತೆಗೆ ಜೋಡಿಸಿದ ಯುಪಿಐ ಐಡಿ, ಫೋನ್ ಇಲ್ಲದಿದ್ದರೂ ಹಣ ಬರುತ್ತದೆ. ಹಣ ಬಂತು ಅಂತ ಕೂಗಿ ಹೇಳುವ ಸೌಂಡ್ ಬಾಕ್ಸ್ ಇದ್ದರೆ ಅದರೊಳಗೆ ಅದರದ್ದೇ ಸಿಮ್ ಇರುತ್ತದೆ, ಹಾಗಾಗಿ ಅದೂ ನಿಲ್ಲುವುದಿಲ್ಲ. ಭಟ್ಟಿಯವರಿಗೆ ಕೊಡುವ ಹಣವನ್ನು ಸೋಮವಾರ ಬ್ಯಾಂಕಿನಲ್ಲಿ ಪಾಸ್‌ಬುಕ್ ತೋರಿಸಿ ತೆಗೆಯಬಹುದು, ಅಥವಾ ಕಾರ್ಡ್ ಇದ್ದರೆ ಎಟಿಎಂನಲ್ಲಿ.

## ಕೌಂಟರಿನಲ್ಲಿ ಏನಾಗುತ್ತದೆ

ದಾಖಲೆಯ ಕೆಲಸ ಏನು ಅಂತ ಸ್ಪಷ್ಟ ಮಾಡಿಕೊಳ್ಳಬೇಕು. ನೀವು ಯಾರು ಅಂತ ತಿಳಿದರೆ ಸಾಲದು. ಸಿಮ್ ತೆಗೆದಾಗ ಯಾರ ಹೆಸರು ಬರೆಸಿತ್ತೋ ಅವರೇ ನೀವು ಅಂತ ಸಾಬೀತಾಗಬೇಕು. ಎಷ್ಟು ವರ್ಷದಿಂದ ನೀವೇ ಬಳಸುತ್ತಿದ್ದರೂ, ರೀಚಾರ್ಜ್ ನೀವೇ ಮಾಡಿಸುತ್ತಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಗಂಡನ ಬದಲು ಹೆಂಡತಿ, ಅಪ್ಪನ ಬದಲು ಮಗ ಹೋದರೆ ವಾಪಸ್ ಕಳಿಸುತ್ತಾರೆ. ಕಳಿಸಬೇಕು ಕೂಡ. ಬೇರೆಯವರಂತೆ ನಟಿಸಿ ಸಿಮ್ ಪಡೆಯುವುದು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅಪರಾಧ: ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಮ್ ಹೆಸರಿನವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ಒಪ್ಪಿಗೆ ಇಟ್ಟು ಮೊದಲು ಹೆಸರು ಬದಲಿಸಿಕೊಳ್ಳಬೇಕಾಗುತ್ತದೆ. ಇದಕ್ಕೆ ದಿನಗಟ್ಟಲೆ ಹಿಡಿಯುತ್ತದೆ.

ದಾಖಲೆ ಪರಿಶೀಲನೆಗೆ ಎರಡು ದಾರಿ. ಒಂದು ಆಧಾರ್ ಇ-ಕೆವೈಸಿ, ಅಂದರೆ ಹೆಬ್ಬೆಟ್ಟು ಒತ್ತಿದರೆ ಹೆಸರು, ಫೋಟೊ ನೇರ ಆಧಾರ್ ಕಡೆಯಿಂದ ಬರುವುದು. ಇನ್ನೊಂದು ಡಿಜಿಟಲ್ ಕೆವೈಸಿ: ವೋಟರ್ ಐಡಿ, ಡಿಎಲ್, ಪಾಸ್‌ಪೋರ್ಟ್ ಇಂಥ ಮೂಲ ದಾಖಲೆಯ ಫೋಟೊ, ಜೊತೆಗೆ ನಿಮ್ಮ ಮುಖದ ಫೋಟೊ, ಎರಡನ್ನೂ ಅಲ್ಲೇ ಕಂಪನಿಯ ಆ್ಯಪಿನಲ್ಲಿ ತೆಗೆಯುತ್ತಾರೆ. ಕಾಗದದ ಅರ್ಜಿ, ಜೆರಾಕ್ಸ್ ಅಂಟಿಸುವ ಪದ್ಧತಿಯನ್ನು 2024ರ ಜನವರಿ 1ರಿಂದ ನಿಲ್ಲಿಸಲಾಗಿದೆ. ಹಾಗಾಗಿ ಯಾವುದೋ ಅಂಗಡಿಯವನು ಆಧಾರ್ ಜೆರಾಕ್ಸ್ ಇಟ್ಟುಹೋಗಿ ಅಂದರೆ ಯಾಕೆ ಅಂತ ಕೇಳಿ.

ಆಧಾರ್ ಕಡ್ಡಾಯವೂ ಅಲ್ಲ. ಮೊಬೈಲ್ ನಂಬರಿಗೆ ಆಧಾರ್ ಜೋಡಿಸಲೇಬೇಕು ಅನ್ನುವುದನ್ನು 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. 2019ರಲ್ಲಿ ಬಂದ ತಿದ್ದುಪಡಿ ಆಧಾರನ್ನು ಇಷ್ಟಪಟ್ಟು ಕೊಡುವುದಕ್ಕೆ ಮಾತ್ರ ಅವಕಾಶ ಕೊಟ್ಟಿದೆ. ಈ ಅಂಶ ಬರೀ ಹಕ್ಕಿನ ಮಾತಲ್ಲ, ಕೆಲಸಕ್ಕೂ ಬರುತ್ತದೆ. ಕೂಲಿ ಮಾಡುವವರಿಗೆ, ವಯಸ್ಸಾದವರಿಗೆ ಬೆರಳಿನ ಗೆರೆ ಸವೆದು ಯಂತ್ರ ಒಪ್ಪುವುದಿಲ್ಲ. ಇನ್ನು ಕೆಲವರು ಜಾಗ್ರತೆಯಿಂದ ಆಧಾರ್ ಬೆರಳಚ್ಚನ್ನು ಲಾಕ್ ಮಾಡಿಟ್ಟಿರುತ್ತಾರೆ. ಅದನ್ನು ತೆಗೆಯಬೇಕಾದರೆ ಓಟಿಪಿ ಬೇಕು, ಓಟಿಪಿ ಬರುವುದು ಕಳೆದುಹೋದ ಸಿಮ್‌ಗೆ! ಇಂಥವರು ಹೆಬ್ಬೆಟ್ಟಿನ ಹಿಂದೆ ಬಿದ್ದರೆ ದಿನ ಹಾಳು. ನೇರ ಡಿಜಿಟಲ್ ಕೆವೈಸಿ ಮಾಡಿ ಅಂತ ಕೇಳಬೇಕು. ಅದರಲ್ಲಿ ಒಪ್ಪಿಗೆಯ ಓಟಿಪಿಯನ್ನು ಮನೆಯವರ ಅಥವಾ ಪರಿಚಯದವರ ನಂಬರಿಗೆ ಕಳಿಸಿ ಮುಗಿಸುತ್ತಾರೆ. ಹಾಗಾಗಿ ನಂಬುವಂಥ ಒಬ್ಬರನ್ನು ಅವರ ಫೋನಿನ ಜೊತೆ ಕರೆದುಕೊಂಡು ಹೋದರೆ ಒಳ್ಳೆಯದು.

ಇನ್ನೊಂದು ವಿಷಯ. "ಸರ್ವರ್ ಕೈಕೊಟ್ಟಿತು, ಇನ್ನೊಂದು ಸಲ ಒತ್ತಿ" ಅಂತ ಎರಡೆರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡು, ಎರಡನೆಯದರಲ್ಲಿ ನಿಮ್ಮ ಹೆಸರಿಗೆ ಬೇರೊಂದು ಸಿಮ್ ತೆಗೆಯುವ ಮೋಸ ಇದೆ. ಎರಡನೇ ಸಲ ಒತ್ತುವ ಮೊದಲು ಪರದೆ ತೋರಿಸಿ ಅಂತ ಹೇಳಿ. ಮೆಸೇಜ್ ಬರಲು ಶುರುವಾದ ಮೇಲೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣ sancharsaathi.gov.in ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಅಂತ ನೋಡಬಹುದು. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ "ಇದು ನನ್ನದಲ್ಲ" ಅಂತ ತಿಳಿಸುವ ದಾರಿ ಇದೆ.

## ಅರ್ಜಿಯಲ್ಲಿ ಏನು ಬರೆಯಬೇಕು

ಬಹಳ ಕಡೆ ಎಲ್ಲವೂ ಆ್ಯಪಿನಲ್ಲೇ ಮುಗಿಯುತ್ತದೆ. ಆದರೂ ಒಂದು ಲಿಖಿತ ಮನವಿ ಅಥವಾ ಇಮೇಲ್ ಕೊಟ್ಟಿಟ್ಟರೆ ಮುಂದೆ ಬ್ಯಾಂಕಿನ ಜೊತೆ ತಕರಾರು ಬಂದಾಗ ಅದು ಸಾಕ್ಷಿ. ಯಾವ ಹೊತ್ತಿನಿಂದ ನಂಬರ್ ನಿಮ್ಮ ಕೈಯಲ್ಲಿ ಇರಲಿಲ್ಲ ಅನ್ನುವುದೇ ಅದರ ಜೀವ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರು ಹೀಗೆ ಚಿಕ್ಕದಾಗಿ ಬರೆದರೆ ಸಾಕು:

"ನನ್ನ ಹೆಸರಿನಲ್ಲಿರುವ ಮೇಲ್ಕಂಡ ನಂಬರಿನ ಸಿಮ್, ಫೋನಿನ ಸಮೇತ ಶನಿವಾರ ಸಂಜೆ 6.30ರ ಸುಮಾರಿಗೆ ಹರಿಹರ–ದಾವಣಗೆರೆ ಬಸ್ಸಿನಲ್ಲಿ ಕಳೆದುಹೋಗಿದೆ. ಅದೇ ದಿನ ಸಂಜೆ 7ಕ್ಕೆ ಕಸ್ಟಮರ್ ಕೇರ್ ಮೂಲಕ ಬ್ಲಾಕ್ ಮಾಡಿಸಿದ್ದೇನೆ. ದೂರಿನ ಸಂಖ್ಯೆ ಮೇಲಿದೆ. ಪೊಲೀಸ್ ಸ್ವೀಕೃತಿಯ ಪ್ರತಿ ಜೊತೆಗಿದೆ. ಹಳೆಯ ಸಿಮ್ ರದ್ದು ಮಾಡಿ ಅದೇ ನಂಬರಿಗೆ ಹೊಸ ಸಿಮ್ ಕೊಡಬೇಕು. ಗುರುತಿಗೆ ವೋಟರ್ ಐಡಿಯ ಮೂಲ ಪ್ರತಿ ತಂದಿದ್ದೇನೆ. ಹೊಸ ಸಿಮ್ ಚಾಲೂ ಆದ ಸಮಯ ಮತ್ತು ಎಸ್‌ಎಂಎಸ್ ತೆರೆಯುವ ಸಮಯವನ್ನು ಬರೆದು ಕೊಡಬೇಕೆಂದು ಕೋರುತ್ತೇನೆ."

ಕೊನೆಯ ಸಾಲು ಮುಖ್ಯ. ಕೌಂಟರಿನಲ್ಲಿ ಬಾಯಿಮಾತಿಗೆ "ನಾಳೆ ಬರುತ್ತೆ" ಅನ್ನುತ್ತಾರೆ. ನಾಳೆ ಅಂದರೆ ಎಷ್ಟು ಗಂಟೆಗೆ ಅಂತ ಗೊತ್ತಿರುವವರು ಅಷ್ಟು ಹೊತ್ತಿನ ತನಕ ಓಟಿಪಿಗೆ ಪ್ರಯತ್ನವನ್ನೇ ಮಾಡುವುದಿಲ್ಲ. ಗೊತ್ತಿಲ್ಲದವರು ಮತ್ತೆ ಮತ್ತೆ ಓಟಿಪಿ ಕೇಳುತ್ತಾರೆ, ಅತಿ ಹೆಚ್ಚು ಸಲ ಪ್ರಯತ್ನಿಸಿದ್ದಕ್ಕೆ ಆ್ಯಪ್ ಇನ್ನಷ್ಟು ಹೊತ್ತು ಲಾಕ್ ಆಗುತ್ತದೆ. 24 ಗಂಟೆ ಕಳೆದ ಮೇಲೂ ಬರದಿದ್ದರೆ ಮೊದಲು ಮನೆಯವರ ಫೋನಿನಿಂದ ಒಂದು ಸಾಮಾನ್ಯ ಮೆಸೇಜ್ ಕಳಿಸಿ ನೋಡಿ. ಅದು ಬಂದು ಬ್ಯಾಂಕಿನದು ಮಾತ್ರ ಬರದಿದ್ದರೆ ತಡೆ ಬ್ಯಾಂಕಿನ ಕಡೆ ಇದೆ ಅಂತ ಅರ್ಥ. ಸಿಮ್ ಬದಲಾಗಿದ್ದು ಕಂಡು ಕೆಲವು ಬ್ಯಾಂಕುಗಳು ತಾವೇ ಸೇವೆ ನಿಲ್ಲಿಸುತ್ತವೆ. ಯಾವ ಮೆಸೇಜೂ ಬರದಿದ್ದರೆ ಸಿಮ್ ಕಂಪನಿಯನ್ನೇ ಕೇಳಬೇಕು.

ಪೊಲೀಸ್ ಸ್ವೀಕೃತಿಗೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯ ಇದೆ, ಆದರೆ ಅದು ಕಳೆದುಹೋದ ವಸ್ತುಗಳಿಗೆ. ಕಳ್ಳತನ ಅಂತ ಗೊತ್ತಿದ್ದರೆ ಠಾಣೆಗೆ ಹೋಗಿ ದೂರು ಕೊಡಬೇಕು.

## ಮೆಸೇಜ್ ಇಲ್ಲದ ಆ ಒಂದು ದಿನ

ಯುಪಿಐ ಯಾಕೆ ಪೂರ್ತಿ ನಿಲ್ಲುತ್ತದೆ ಅಂತ ಹಲವರಿಗೆ ಅರ್ಥವಾಗುವುದಿಲ್ಲ, ಇಂಟರ್ನೆಟ್ ಇದೆಯಲ್ಲ ಅನ್ನುತ್ತಾರೆ. ಯುಪಿಐ ಆ್ಯಪನ್ನು ಹೊಸ ಫೋನಿನಲ್ಲಿ ಹಾಕಿದಾಗ ಅದು ನಿಮ್ಮ ಸಿಮ್‌ನಿಂದ ಒಂದು ಮೆಸೇಜನ್ನು ತಾನೇ ಹೊರಗೆ ಕಳಿಸುತ್ತದೆ. ಈ ಸಿಮ್ ಇದೇ ಫೋನಿನಲ್ಲಿದೆ ಅಂತ ಬ್ಯಾಂಕಿಗೆ ಖಾತ್ರಿ ಆಗುವುದು ಆ ಮೆಸೇಜಿನಿಂದ. ಹೋಗುವ ಮೆಸೇಜೂ ಬಂದ್ ಇರುವುದರಿಂದ ಅಲ್ಲೇ ನಿಂತುಬಿಡುತ್ತದೆ.

ಕರೆ ಮಾತ್ರ ಬರುತ್ತದೆ. ಹಾಗಾಗಿ ಓಟಿಪಿಯನ್ನು ಕರೆ ಮಾಡಿ ಓದಿ ಹೇಳುವ ಸೌಲಭ್ಯ ಇರುವ ಆ್ಯಪುಗಳಿಗೆ ಆ ದಿನವೇ ಒಳಗೆ ಹೋಗಬಹುದು. ವಾಟ್ಸ್ಆ್ಯಪ್ ಅಂಥದ್ದೊಂದು. ಇಲ್ಲೇ ಆ 24 ಗಂಟೆಯ ತಡೆಯ ದೊಡ್ಡ ತೂತು ಇರುವುದೂ: ನಿಮಗೆ ತೆರೆದಿರುವ ಬಾಗಿಲು ವಂಚಕನಿಗೂ ತೆರೆದಿದೆ. ವಾಟ್ಸ್ಆ್ಯಪ್‌ಗೆ ಆರು ಅಂಕಿಯ ಎರಡನೇ ಪಿನ್ ಹಾಕಿಟ್ಟರೆ ಮಾತ್ರ ಕರೆಯ ಓಟಿಪಿ ಸಿಕ್ಕರೂ ಅವನು ಒಳಗೆ ಬರಲಾರ.

ಇನ್ನು ಫೋನ್ ಬ್ಲಾಕ್ ಮಾಡುವ ವಿಷಯ. ಸಂಚಾರ್ ಸಾಥಿಯಲ್ಲಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಕೊಟ್ಟು ಕಳೆದ ಫೋನನ್ನೇ ನಿರುಪಯೋಗಿ ಮಾಡಿಸಬಹುದು. ಆ ಸಂಖ್ಯೆ ಫೋನಿನ ಡಬ್ಬದ ಮೇಲೆ, ಬಿಲ್ಲಿನ ಮೇಲೆ ಇರುತ್ತದೆ. ಫೋನ್ ಕೈಯಲ್ಲಿರುವಾಗ *#06# ಒತ್ತಿದರೂ ಕಾಣುತ್ತದೆ. ಆದರೆ ಅಲ್ಲಿನ ಸೂಚನೆಯೇ ಹೇಳುತ್ತದೆ: ಮೊದಲು ಡೂಪ್ಲಿಕೇಟ್ ಸಿಮ್ ತೆಗೆದುಕೊಳ್ಳಿ, ಓಟಿಪಿ ಅದಕ್ಕೆ ಬರುತ್ತದೆ, ಹೊಸ ಸಿಮ್‌ನಲ್ಲಿ ಎಸ್‌ಎಂಎಸ್ 24 ಗಂಟೆಯ ನಂತರ ಶುರುವಾಗುತ್ತದೆ. ವಿನಂತಿ ಹಾಕಿದ ಮೇಲೆ ಬ್ಲಾಕ್ ಆಗಲು ಇನ್ನೂ 24 ಗಂಟೆ ಹಿಡಿಯಬಹುದು. ದಾವಣಗೆರೆಯ ಲೆಕ್ಕದಲ್ಲಿ ನೋಡಿದರೆ ಶನಿವಾರ ಹೋದ ಫೋನ್ ನಿಲ್ಲುವುದು ಮಂಗಳವಾರ. ಪೊಲೀಸರ ಮೂಲಕವೂ ವಿನಂತಿ ಹಾಕಿಸಬಹುದು, ಠಾಣೆಗೆ ಹೋದಾಗಲೇ ಐಎಂಇಐ ಕೊಟ್ಟು ಕೇಳುವುದು ಒಳ್ಳೆಯದು.

ಈ ನಡುವೆ ಖಾತೆಯಿಂದ ಹಣ ಹೋಗಿದ್ದು ಗೊತ್ತಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಅದಕ್ಕೆ ಯಾರ ಫೋನಾದರೂ ಆಗುತ್ತದೆ. ಮೆಸೇಜ್ ಬರದ ದಿನ ಹಣ ಹೋದ ಮೆಸೇಜೂ ಬರುವುದಿಲ್ಲ ಅನ್ನುವುದನ್ನು ಮರೆಯಬಾರದು. ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್ ಎರಡನ್ನೂ ನಿಲ್ಲಿಸಿಡುವುದು ಇದೇ ಕಾರಣಕ್ಕೆ.

## ತಡೆ ಬೇಕು ಅನ್ನುವವರು, ಬೇಡ ಅನ್ನುವವರು

ಇಲಾಖೆ, ಟ್ರಾಯ್, ಬ್ಯಾಂಕುಗಳ ವಾದ ಒಂದೇ ದಿಕ್ಕಿನದು. ಒಂದು ದಿನದ ತೊಂದರೆ ಎಲ್ಲರಿಗೂ ಆಗಲಿ, ಆದರೆ ಯಾರದ್ದೋ ಜೀವನದ ಉಳಿತಾಯ ಒಂದು ಗಂಟೆಯಲ್ಲಿ ಹೋಗುವುದು ಬೇಡ. ಸಿಮ್ ಸ್ವಾಪ್‌ನಲ್ಲಿ ಹಣ ಹೋದರೆ ವಾಪಸ್ ಬರುವುದು ಬಹಳ ಕಷ್ಟ, ಹಾಗಾಗಿ ಹೋಗದ ಹಾಗೆ ನೋಡಿಕೊಳ್ಳುವುದೇ ದಾರಿ ಅನ್ನುತ್ತಾರೆ.

ಇನ್ನೊಂದು ಕಡೆಯವರು ಕೇಳುವ ಪ್ರಶ್ನೆಯೂ ಸುಳ್ಳಲ್ಲ. ಮಾಲೀಕನೇ ಖುದ್ದಾಗಿ ಬಂದು, ಹೆಬ್ಬೆಟ್ಟು ಒತ್ತಿ, ಮುಖದ ಫೋಟೊ ಕೊಟ್ಟ ಮೇಲೂ ಅವನನ್ನು ವಂಚಕನ ಹಾಗೆ ಒಂದು ದಿನ ಯಾಕೆ ಕಾಯಿಸಬೇಕು? ಡೆಲಿವರಿ ಮಾಡುವ ಹುಡುಗನಿಗೆ, ಆಟೊ ಓಡಿಸುವವರಿಗೆ ಆ್ಯಪಿಗೆ ಲಾಗಿನ್ ಆಗದ ದಿನ ಅಂದರೆ ಸಂಪಾದನೆ ಇಲ್ಲದ ದಿನ.

ನನಗೆ ಕಾಣುವ ಮಟ್ಟಿಗೆ 24 ಗಂಟೆ ಇರಲಿ. ಹೆಬ್ಬೆಟ್ಟು ಮತ್ತು ಫೋಟೊ ಎರಡನ್ನೂ ದಾಟಿದ ವಂಚನೆಗಳು, ಅಂಗಡಿಯವನೇ ಶಾಮೀಲಾದ ವಂಚನೆಗಳು ಆಗಿವೆ. ಕೌಂಟರಿನ ಪರಿಶೀಲನೆ ಒಂದನ್ನೇ ನಂಬಿ ತಡೆ ತೆಗೆದರೆ ಹಳೆಯ ಕಥೆ ಮತ್ತೆ ಶುರುವಾಗುತ್ತದೆ. ಆದರೆ ಎರಡು ವಿಷಯ ಒಪ್ಪಲು ಆಗುವುದಿಲ್ಲ. ಕಳೆದ ಫೋನ್ ಬ್ಲಾಕ್ ಮಾಡುವುದಕ್ಕೂ ಅದೇ ಎಸ್‌ಎಂಎಸ್‌ಗೆ ಕಾಯಿಸುವುದು ಒಂದು. ಫೋನ್ ಬ್ಲಾಕ್ ಮಾಡಿ ಅಂತ ಕೇಳುವವರಿಂದ ಯಾರ ಹಣವೂ ಹೋಗುವುದಿಲ್ಲ, ಅಲ್ಲಿ ಕರೆಯ ಓಟಿಪಿ ಸಾಕಾಗುತ್ತಿತ್ತು. ಎರಡನೆಯದು, ಎಸ್‌ಎಂಎಸ್ ಯಾವಾಗ ತೆರೆಯುತ್ತದೆ ಅಂತ ಸಿಮ್ ಕೊಡುವಾಗಲೇ ಚೀಟಿಯಲ್ಲಿ ಬರೆದು ಕೊಡದಿರುವುದು. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.

## ಮುಂದೆ ಏನಾಗಬಹುದು

ಎರಡು ಬದಲಾವಣೆ ವಿರುದ್ಧ ದಿಕ್ಕಿನಲ್ಲಿ ನಡೆದಿವೆ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನ 2026ರ ಏಪ್ರಿಲ್ 1ರಿಂದ ಅನ್ವಯ. ಹಣ ಪಾವತಿಗೆ ಎರಡು ಹಂತದ ಖಾತ್ರಿ ಬೇಕೇ ಬೇಕು, ಆದರೆ ಎಸ್‌ಎಂಎಸ್ ಓಟಿಪಿ ಒಂದನ್ನೇ ನೆಚ್ಚಿಕೊಳ್ಳಬೇಕಿಲ್ಲ, ಬೇರೆ ವಿಧಾನಗಳಿಗೂ ಅವಕಾಶ ಇದೆ. ಬ್ಯಾಂಕುಗಳು ಆ ಕಡೆ ಹೊರಳಿದಷ್ಟೂ ಸಿಮ್ ಕಳೆದ ದಿನದ ಪೆಟ್ಟು ಕಡಿಮೆಯಾಗುತ್ತದೆ, ವಂಚಕನಿಗೆ ಸಿಮ್ ಕದಿಯುವ ಲಾಭವೂ ಇಳಿಯುತ್ತದೆ.

ಇನ್ನೊಂದು ಕಡೆ, 2025ರ ನವೆಂಬರ್ 28ರಂದು ದೂರಸಂಪರ್ಕ ಇಲಾಖೆ ವಾಟ್ಸ್ಆ್ಯಪ್, ಟೆಲಿಗ್ರಾಂ, ಸಿಗ್ನಲ್‌ನಂಥ ಆ್ಯಪುಗಳಿಗೆ ನಿರ್ದೇಶನ ಕೊಟ್ಟಿತು. ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ಆ್ಯಪ್ ನಡೆಯಬೇಕು, ಇದಕ್ಕೆ ಆಗ 90 ದಿನದ ಗಡುವು ಇಟ್ಟಿತ್ತು. ಕಂಪ್ಯೂಟರಿನಲ್ಲಿ ತೆರೆದ ಲಾಗಿನ್ ಆರು ಗಂಟೆಗೊಮ್ಮೆ ತಾನಾಗಿ ಮುಚ್ಚಬೇಕು. ಹೊರದೇಶದಿಂದ ನಡೆಯುವ ವಂಚನೆ ತಡೆಯುವುದು ಇದರ ಉದ್ದೇಶ. ಇಲ್ಲಿಯತನಕ ಸಿಮ್ ಹೋದರೂ ಮನೆಯ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ತೆರೆದಿದ್ದರೆ ಗಿರಾಕಿಗಳಿಗೆ ಒಂದು ಮಾತು ತಿಳಿಸಬಹುದಿತ್ತು. ಈ ನಿರ್ದೇಶನದ ಪ್ರಕಾರ ನಡೆದರೆ ಆ ದಾರಿಯೂ ಕೆಲವೇ ಗಂಟೆಗಳಲ್ಲಿ ಮುಚ್ಚುತ್ತದೆ. ಗಲ್ಫ್‌ನಲ್ಲಿರುವ ಕರಾವಳಿಯವರು, ಅಮೆರಿಕದಲ್ಲಿರುವ ಕನ್ನಡಿಗರು ಊರಿನ ನಂಬರಿನಲ್ಲೇ ವಾಟ್ಸ್ಆ್ಯಪ್ ಇಟ್ಟುಕೊಂಡು ಸಿಮ್ಮನ್ನು ಮನೆಯಲ್ಲಿ ಬಿಟ್ಟುಹೋಗಿರುವುದು ಉಂಟು. ಇದು ಅವರಿಗೂ ತಾಗುತ್ತದೆ.

ಇಂಥವರಿಗೆ ಇನ್ನೂ ಒಂದು ಲೆಕ್ಕ ಇದೆ. ಪ್ರೀಪೇಯ್ಡ್ ನಂಬರನ್ನು 90 ದಿನ ಯಾವುದಕ್ಕೂ ಬಳಸದಿದ್ದರೆ ಮತ್ತು ಅದರಲ್ಲಿ 20 ರೂಪಾಯಿ ಬ್ಯಾಲೆನ್ಸ್ ಕೂಡ ಇಲ್ಲದಿದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು. ರದ್ದಾಗಿ ಇನ್ನೂ 90 ದಿನ ಕಳೆದ ಮೇಲೆ ಅದೇ ನಂಬರ್ ಬೇರೆಯವರಿಗೆ ಹೋಗಬಹುದು. ಆಮೇಲೆ ಎಷ್ಟೇ ದಾಖಲೆ ತಂದರೂ ಆ ನಂಬರಿಗೆ ಡೂಪ್ಲಿಕೇಟ್ ಸಿಮ್ ಸಿಗುವುದಿಲ್ಲ, ಏಕೆಂದರೆ ಪಟ್ಟಿಯ ಆ ಸಾಲಿನಲ್ಲಿ ಈಗ ಇನ್ನೊಬ್ಬರ ಹೆಸರಿದೆ, ನಿಮ್ಮ ಬ್ಯಾಂಕಿನ ಓಟಿಪಿ ಅವರ ಫೋನಿಗೆ ಹೋಗುತ್ತಿದೆ.